ಢಾಯಿ ಸೂತೋ, ಎಂಟು ಎಂ.ಎಂ.ಓ?

ಮುಂಬೈಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಟ್ಟು ಬೋಲ್ಟುಗಳನ್ನು ಈಗಲೂ ಎರಡು ಲೆಕ್ಕದಲ್ಲಿ ಮಾರುತ್ತಾರೆ. ಒಂದು ಮಿಲಿಮೀಟರಿನ ಲೆಕ್ಕ: ಆರು, ಎಂಟು, ಹತ್ತು, ಹನ್ನೆರಡು. ಇನ್ನೊಂದು ಸೂತಿನ ಲೆಕ್ಕ. ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ. ‘ದೋ ಸೂತ್’ ಕೇಳಿದರೆ ಕಾಲು ಇಂಚಿನ ಬೋಲ್ಟು ಸಿಗುತ್ತದೆ, ‘ತೀನ್ ಸೂತ್’ ಕೇಳಿದರೆ ಇಂಚಿನ ಎಂಟರಲ್ಲಿ ಮೂರು ಭಾಗದ್ದು. ಇವೆರಡರ ನಡುವಿನದು ‘ಢಾಯಿ ಸೂತ್’, ಅಂದರೆ ಎರಡೂವರೆ ಸೂತು, ಇಂಚಿನ ಹದಿನಾರರಲ್ಲಿ ಐದು ಭಾಗ. ಮಿಲಿಮೀಟರಿಗೆ ತಿರುಗಿಸಿದರೆ 7.94.

ಎಂಟು ಎಂ.ಎಂ. ಬೋಲ್ಟಿನ ದಪ್ಪ 8. ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಆರು ಭಾಗ. ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡರೆ ಅನುಭವಿ ಫಿಟ್ಟರನೂ ಕ್ಷಣ ಅನುಮಾನಿಸುತ್ತಾನೆ. ಹಾಗಿರುವಾಗ ವಾಟ್ಸ್‌ಆ್ಯಪಿನಲ್ಲಿ ಬಂದ ಒಂದು ಫೋಟೋ ನೋಡಿ ಇದು ಯಾವ ಬೋಲ್ಟು ಎಂದು ಹೇಳಬಹುದೇ? ಹೇಳಬಹುದು. ಆದರೆ ಎಲ್ಲರೂ ಮೊದಲು ನೋಡುವುದು ತಲೆ, ಆಮೇಲೆ ದಪ್ಪ. ಫೋಟೋದಲ್ಲಿ ಈ ಎರಡರಿಂದಲೂ ಮೋಸ ಹೋಗುವ ಸಂಭವ ಹೆಚ್ಚು. ನಂಬಬೇಕಾದದ್ದು ಥ್ರೆಡ್ಡನ್ನು. ಅದನ್ನೂ ನೇರವಾಗಿ ತೆಗೆದ ಫೋಟೋದಲ್ಲಿ, ಎಣಿಸಿ.

ಬಾಂದ್ರಾದ ಒಂದು ಮೆಟ್ಟಿಲು

ಬಾಂದ್ರಾ ಪಶ್ಚಿಮದ ರಾನ್ವಾರ್, ಚಿಂಬಯಿ, ಪಾಲಿ ಊರುಗಳ ಓಣಿಗಳಲ್ಲಿ ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬಗಳ ಹಳೆಯ ಮನೆಗಳು ಕೆಲವು ಇನ್ನೂ ಉಳಿದಿವೆ. ಹೆಂಚಿನ ಮಾಡು, ಮರದ ಜಗಲಿ, ಹೊರಗಿನಿಂದಲೇ ಮಹಡಿಗೆ ಹತ್ತುವ ಮರದ ಮೆಟ್ಟಿಲು. ರಾನ್ವಾರಿನ ಅಂಥ ಒಂದು ಮನೆಯ ಮಹಡಿಯಲ್ಲಿ ಉಡುಪಿ ಕಡೆಯ ಪರಿಚಿತರೊಬ್ಬರು ಬಾಡಿಗೆಗಿದ್ದಾರೆ. ಅವರ ಮೆಟ್ಟಿಲಿನ ಕೈಹಿಡಿಯನ್ನು ಕಬ್ಬಿಣದ ಬ್ರಾಕೆಟ್ಟುಗಳು ಹಿಡಿದುಕೊಂಡಿವೆ. ಒಂದು ಬ್ರಾಕೆಟ್ಟಿನ ನಟ್ಟು ತುಕ್ಕು ತಿಂದು ಒಡೆದು ಬಿತ್ತು. ಬೋಲ್ಟು ಉಳಿಯಿತು. ಬಡಗಿ ಹತ್ತಿರದ ಅಂಗಡಿಯಿಂದ ಎಂಟು ಎಂ.ಎಂ. ನಟ್ಟು ತಂದು ಹಾಕಿದ. ಬೆರಳಿನಲ್ಲೇ ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೇ ಸುತ್ತಿಗೆ ಬಿಗಿಯಾಯಿತು. ತುಕ್ಕಿನಿಂದ ಹೀಗಾಗುತ್ತಿದೆ ಎಂದುಕೊಂಡು ಅವನು ಪಾನಾ ಹಾಕಿ ಎಳೆದ. ಬೋಲ್ಟಿನ ತುದಿಯ ಎಳೆಗಳು ಕಿತ್ತು ಬಂದವು.

ಮನೆಯಾಕೆ ಆ ಬೋಲ್ಟನ್ನು ಹೊರತೆಗೆಸಿ, ಮೇಜಿನ ಮೇಲೆ ಹತ್ತು ರೂಪಾಯಿ ನಾಣ್ಯದ ಪಕ್ಕದಲ್ಲಿಟ್ಟು ಫೋಟೋ ಹೊಡೆದು, ಬಾಂದ್ರಾ ಪೂರ್ವದಲ್ಲಿರುವ ಊರಿನವರೇ ಆದ ಒಬ್ಬ ನಿವೃತ್ತ ಫಿಟ್ಟರಿಗೆ ಕಳಿಸಿದರು. ಅವರ ಉತ್ತರ ಹೀಗಿತ್ತು: “ತಲೆ ನೋಡಿ ಬೋಲ್ಟ್ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ನೀವು ಕೂತಲ್ಲಿಂದಲೇ ಓರೆಯಾಗಿ ತೆಗ್ದಿದ್ದೀರಿ. ಬೋಲ್ಟನ್ನು ಅಡ್ಡ ಮಲಗಿಸಿ, ಪಕ್ಕದಲ್ಲೇ ಸ್ಟೀಲ್ ಸ್ಕೇಲ್ ಇಡಿ. ಎದ್ದು ನಿಂತು, ಸರಿಯಾಗಿ ಮೇಲಿಂದ ಇನ್ನೊಂದು ತೆಗೀರಿ.”

ಈ ಎರಡು ಫೋಟೋಗಳನ್ನೇ ಮುಂದಿಟ್ಟುಕೊಂಡು ಲೆಕ್ಕ ಮಾಡಿ ನೋಡೋಣ.

ಮೊದಲ ಫೋಟೋ ಹೇಳಿದ ಸುಳ್ಳು

ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಒಂದು, ಎರಡು, ಐದು ರೂಪಾಯಿಗಳ ನಾಣ್ಯಗಳು ಸರಣಿಯಿಂದ ಸರಣಿಗೆ ಅಗಲ ಬದಲಿಸಿವೆ. ಹತ್ತರ ನಾಣ್ಯ ಬದಲಿಸಿಲ್ಲ, ಆದ್ದರಿಂದ ಅಳತೆಗೆ ಅದನ್ನು ಇಡುವುದು ಒಳ್ಳೆಯದೇ. ಆ ನಾಣ್ಯಕ್ಕೆ ಹೋಲಿಸಿದರೆ ಮೊದಲ ಫೋಟೋದಲ್ಲಿ ಆರು ಮೂಲೆಯ ತಲೆಯ ಎದುರುಬದುರು ಬದಿಗಳ ಅಂತರ ಸುಮಾರು 13 ಮಿ.ಮೀ. ಕಾಣುತ್ತಿತ್ತು. ಮೈ ದಪ್ಪ 8ರ ಹತ್ತಿರ. ತಲೆಯ ಕೆಳಗಿನಿಂದ ತುದಿಯವರೆಗೆ ಉದ್ದ 44. ಹತ್ತು ಸುತ್ತುಗಳು ಹಿಡಿದ ಜಾಗ ಹನ್ನೆರಡೂ ಕಾಲು ಮಿ.ಮೀ.

ಎಂಟು ಎಂ.ಎಂ. ಬೋಲ್ಟಿನ ಪಟ್ಟಿ ತೆಗೆದು ನೋಡಿ. ತಲೆ 13, ದಪ್ಪ 8, ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ 1.25, ಅಂದರೆ ಹತ್ತು ಸುತ್ತಿಗೆ ಹನ್ನೆರಡೂವರೆ. ಅಂಗಡಿಯಲ್ಲಿ ಸಿಗುವ ಉದ್ದಗಳಲ್ಲಿ 45 ಒಂದು. ನಾಲ್ಕು ಅಳತೆಗಳೂ ಹೊಂದಿದವು. ಯಾರೇ ಆಗಲಿ ‘ಎಂ8, ಉದ್ದ 45’ ಎಂದು ಚೀಟಿ ಬರೆದುಕೊಡುತ್ತಿದ್ದರು. ಆದರೂ ಅದು ತಪ್ಪು.

ತಪ್ಪಿನ ಕಾರಣ ಫೋಟೋದಲ್ಲೇ ಇತ್ತು. ನಾಣ್ಯ ದುಂಡಗೆ ಕಾಣುತ್ತಿರಲಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬೋಲ್ಟು ಮಲಗಿದ್ದರೂ ಅದರ ತಲೆಯ ಮೇಲ್ಮೈ ಕಾಣುತ್ತಿತ್ತು. ಎಂದರೆ ಕ್ಯಾಮೆರಾ ನೆಟ್ಟಗೆ ಮೇಲಿರಲಿಲ್ಲ, ಬೋಲ್ಟಿನ ತಲೆಯ ಕಡೆಗೆ ಸುಮಾರು 30 ಡಿಗ್ರಿ ವಾಲಿತ್ತು. ಹೀಗೆ ವಾಲಿದಾಗ ಬೋಲ್ಟಿನ ಉದ್ದಕ್ಕೆ ಇರುವ ಅಳತೆಗಳೆಲ್ಲ ಕುಗ್ಗಿ ಕಾಣುತ್ತವೆ, ಅಡ್ಡಕ್ಕೆ ಇರುವವು ಕುಗ್ಗುವುದಿಲ್ಲ. 30 ಡಿಗ್ರಿಗೆ ಈ ಕುಗ್ಗುವಿಕೆ ನೂರಕ್ಕೆ ಹದಿಮೂರು. ಅಂದರೆ ಬೋಲ್ಟಿನ ದಪ್ಪ ಇದ್ದಷ್ಟೇ ಕಂಡಿತು, ಉದ್ದ ಮತ್ತು ಸುತ್ತುಗಳ ಅಂತರ ಮಾತ್ರ ಕಿರಿದಾಯಿತು. ನಾಣ್ಯದ ಅಗಲ ತೆಗೆದುಕೊಂಡದ್ದು ಅಡ್ಡಕ್ಕೆ, ಅದರ ಪೂರ್ಣ ವ್ಯಾಸ ಕಾಣುವ ದಿಕ್ಕಿನಲ್ಲಿ. ಬೋಲ್ಟಿನ ಉದ್ದದ ದಿಕ್ಕಿನಲ್ಲಿ ಅದೇ ನಾಣ್ಯ 23 ಮಿ.ಮೀ. ಚಿಲ್ಲರೆಗೆ ಕುಗ್ಗಿತ್ತು. ಆ ಕುಗ್ಗಿದ ಅಗಲವನ್ನೇ 27 ಎಂದು ಹಿಡಿದು ಅಳೆದಿದ್ದರೆ ಉತ್ತರ ಸರಿಯಾಗುತ್ತಿತ್ತು.

ಓರೆ ಫೋಟೋದಿಂದ ತಪ್ಪು ಅಳತೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಇಲ್ಲಿ ತಪ್ಪು ಅಳತೆಗಳು ಒಂದಕ್ಕೊಂದು ಹೊಂದಿಕೊಂಡು, ಪಟ್ಟಿಯಲ್ಲಿರುವ ಇನ್ನೊಂದು ಬೋಲ್ಟಿನ ಅಳತೆಗಳಾಗಿಯೇ ಕಂಡವು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಫೋಟೋ ಕೈಗೆ ಬಂದ ಕೂಡಲೇ ಅಳೆಯಲು ಹೊರಡದೆ, ಮೊದಲು ನಾಣ್ಯ ದುಂಡಗಿದೆಯೇ, ತಲೆಯ ಕೆಳಮೈ ಒಂದೇ ಗೆರೆಯಾಗಿ ಕಾಣುತ್ತಿದೆಯೇ ಎಂದು ನೋಡಬೇಕು. ಇಲ್ಲವೆಂದಾದರೆ ಇನ್ನೊಂದು ಫೋಟೋ ಕೇಳಬೇಕು.

ಎರಡನೇ ಫೋಟೋ

ಎರಡನೇ ಫೋಟೋ ತೆಗೆಯುವ ಮುನ್ನ ಆಕೆ ಫಿಟ್ಟರ್ ಹೇಳಿದಂತೆ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯ ಬ್ರಷ್ಷಿನಿಂದ ಉಜ್ಜಿದರು. ಬಾಂದ್ರಾದಂಥ ಕಡಲಂಚಿನಲ್ಲಿ ಇದನ್ನು ಬಿಡುವಂತಿಲ್ಲ. ಉಪ್ಪುಗಾಳಿಗೆ ಬಂದ ತುಕ್ಕು ಎಳೆಗಳ ನಡುವಿನ ತೋಡುಗಳಲ್ಲಿ ತುಂಬಿ, ಏಣುಗಳು ಎಲ್ಲಿ ಮುಗಿದು ಎಲ್ಲಿ ಶುರುವಾದವು ಎಂದೇ ಗೊತ್ತಾಗದಂತೆ ಮಾಡುತ್ತದೆ. ಹಳೆಯ ನಟ್ಟು ಕೂತಿದ್ದ ಭಾಗಕ್ಕೆ ಗಾಳಿ ತಾಗಿರುವುದಿಲ್ಲ. ಅಲ್ಲಿ ಎಳೆಗಳು ಹೆಚ್ಚು ಚೊಕ್ಕಟವಾಗಿರುತ್ತವೆ, ಎಣಿಸಬೇಕಾದದ್ದು ಅಲ್ಲಿ.

ಬೆಳಕು ಕಿಟಕಿಯಿಂದ, ಒಂದು ಪಕ್ಕದಿಂದ ಬೀಳುವಂತಿರಬೇಕು. ಆಗ ಪ್ರತಿ ತೋಡಿನಲ್ಲೂ ನೆರಳು ನಿಂತು ಏಣುಗಳು ಬೇರೆಬೇರೆಯಾಗಿ ಕಾಣುತ್ತವೆ. ಫೋನಿನ ಫ್ಲ್ಯಾಶ್ ಹಾಕಿದರೆ ಈ ನೆರಳೇ ಮಾಯವಾಗುತ್ತದೆ. ಫೋನನ್ನು ಒಂದಡಿಯಷ್ಟು ಮೇಲೆ ಹಿಡಿದು, ಬೇಕಿದ್ದರೆ ಎರಡು ಪಟ್ಟು ಜೂಮ್ ಮಾಡಬೇಕು. ಹತ್ತಿರ ಹೋದಷ್ಟೂ, ಮೇಜಿಗೆ ಅಂಟಿಕೊಂಡ ಸ್ಕೇಲು ದೂರದಲ್ಲೂ ಮೇಜಿನಿಂದ ಎದ್ದು ನಿಂತ ಬೋಲ್ಟು ಹತ್ತಿರದಲ್ಲೂ ಇದ್ದಂತಾಗಿ ಬೋಲ್ಟು ದಪ್ಪ ಕಾಣುತ್ತದೆ. ಒಂದಡಿ ದೂರದಿಂದ ಈ ದೋಷ ನೂರಕ್ಕೆ ಒಂದರ ಆಸುಪಾಸು. ನಾಲ್ಕು ಇಂಚಿನಿಂದ ತೆಗೆದರೆ ಅದು ಮೂರು ಪಟ್ಟಾಗುತ್ತದೆ. ಸ್ಕೇಲಿನ ಕೆಳಗೆ ರಟ್ಟಿನ ತುಂಡಿಟ್ಟು, ಅದನ್ನು ಬೋಲ್ಟಿನ ನಡುಮಟ್ಟಕ್ಕೆ ಎತ್ತಿದರೆ ಈ ದೋಷವೂ ಇಲ್ಲವಾಗುತ್ತದೆ. ಮುಖ್ಯವಾಗಿ ಸ್ಕೇಲು ಬೋಲ್ಟಿಗೆ ಸಮಾನಾಂತರವಾಗಿ, ಪಕ್ಕದಲ್ಲೇ ಮಲಗಿರಬೇಕು. ಹಾಗಿದ್ದರೆ ಕ್ಯಾಮೆರಾ ಸ್ವಲ್ಪ ವಾಲಿದರೂ ಬೋಲ್ಟು ಕುಗ್ಗಿದಷ್ಟೇ ಸ್ಕೇಲೂ ಕುಗ್ಗುತ್ತದೆ, ಲೆಕ್ಕ ಕೆಡುವುದಿಲ್ಲ. ನಾಣ್ಯಕ್ಕಿಂತ ಸ್ಕೇಲು ಮೇಲಾಗುವುದು ಈ ಕಾರಣಕ್ಕೆ.

ಈ ಫೋಟೋದಲ್ಲಿ ಹತ್ತು ಸುತ್ತುಗಳು 14 ಮಿ.ಮೀ. ಮೀರಿ ಒಂದು ಕೂದಲಷ್ಟು ಹೆಚ್ಚು ಜಾಗ ಹಿಡಿದಿದ್ದವು. ಎಣಿಸುವಾಗ ಒಂದು ಎಚ್ಚರ ಬೇಕು. ಸ್ಕೇಲಿನ ಗೆರೆಗೆ ತಾಗಿದ ಮೊದಲ ಏಣನ್ನು ಸೊನ್ನೆ ಎಂದು ಹಿಡಿದು, ಮುಂದಿನದನ್ನು ಒಂದು ಎನ್ನಬೇಕು. ಮೊದಲನೆಯದನ್ನೇ ಒಂದು ಎಂದು ಶುರುಮಾಡಿದರೆ, ಹತ್ತು ಎಂದುಕೊಂಡದ್ದು ನಿಜದಲ್ಲಿ ಒಂಬತ್ತು ಅಂತರಗಳು. ಹೀಗೆ ಎಣಿಸಿದರೆ 14.1ರ ಬದಲು 12.7 ಬಂದು, ಢಾಯಿ ಸೂತು ಮತ್ತೆ ಎಂಟು ಎಂ.ಎಂ. ಆಗಿ ಕಾಣುತ್ತದೆ.

ಹತ್ತು ಸುತ್ತಿಗೆ 14.1 ಎಂದರೆ ಒಂದು ಸುತ್ತಿಗೆ 1.41. ಒಂದು ಇಂಚಿನಲ್ಲಿ, ಅಂದರೆ 25.4 ಮಿ.ಮೀ.ನಲ್ಲಿ, 18 ಸುತ್ತು. ಇಂಚಿಗೆ 18 ಸುತ್ತು ಇರುವುದು ಢಾಯಿ ಸೂತಿಗೆ. ಉದ್ದ 51ರ ಹತ್ತಿರ, ಎಂದರೆ ಎರಡು ಇಂಚು. ತಲೆ 13 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, 13.3. ಬಡಗಿಯ 13ರ ಪಾನಾ ಆ ತಲೆಗೆ ಕೂರದೆ, 14ರದ್ದು ಹಾಕಿದರೆ ಸಡಿಲವಾಗಿ ಆಡುತ್ತಿತ್ತು ಎಂಬುದು ಆಮೇಲೆ ಕೇಳಿದಾಗ ಗೊತ್ತಾಯಿತು. ಆ ಒಂದು ಮಾತು ಮೊದಲೇ ತಿಳಿದಿದ್ದರೆ ಫೋಟೋ ಇಲ್ಲದೆಯೂ ಅನುಮಾನ ಬರುತ್ತಿತ್ತು.

ದಪ್ಪ ಸೋತಲ್ಲಿ ಎಣಿಕೆ ಏಕೆ ಗೆಲ್ಲುತ್ತದೆ

ಫೋನಿನ ಚಿತ್ರ ಸಾಮಾನ್ಯವಾಗಿ ಸುಮಾರು 4000 ಪಿಕ್ಸೆಲ್ ಅಗಲವಿರುತ್ತದೆ. ಆ ಅಗಲದಲ್ಲಿ ಮೇಜಿನ ಹತ್ತು ಸೆಂಟಿಮೀಟರ್ ಜಾಗ ಹಿಡಿಸಿತು ಎನ್ನೋಣ. ಆಗ ಒಂದು ಮಿಲಿಮೀಟರಿಗೆ 40 ಪಿಕ್ಸೆಲ್. ಎರಡು ಬೋಲ್ಟುಗಳ ದಪ್ಪದ ವ್ಯತ್ಯಾಸ ನೂರರಲ್ಲಿ ಆರು ಭಾಗ, ಅಂದರೆ ಎರಡು ಮೂರು ಪಿಕ್ಸೆಲ್. ಬೋಲ್ಟಿನ ಅಂಚೇ ಅದಕ್ಕಿಂತ ಹೆಚ್ಚು ಮಸುಕಾಗಿರುತ್ತದೆ. ಮೇಲಾಗಿ ತಯಾರಿಕೆಯಲ್ಲೇ ಬೋಲ್ಟಿನ ದಪ್ಪವನ್ನು ಹೆಸರಿನ ಅಳತೆಗಿಂತ ಸ್ವಲ್ಪ ಕಡಿಮೆ ಇಡುತ್ತಾರೆ, ತುಕ್ಕು ಇನ್ನಷ್ಟು ತಿಂದಿರುತ್ತದೆ. ಆದ್ದರಿಂದ ದಪ್ಪ ನೋಡಿ ಇವೆರಡನ್ನು ಬೇರ್ಪಡಿಸಲು ಯಾವ ಫೋಟೋದಿಂದಲೂ ಆಗದು.

ಸುತ್ತಿನ ಕತೆ ಬೇರೆ. ಒಂದು ಸುತ್ತಿಗೆ ವ್ಯತ್ಯಾಸ 0.16 ಮಿ.ಮೀ., ಅಷ್ಟೇನೂ ದೊಡ್ಡದಲ್ಲ. ಆದರೆ ಅದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ. ಹತ್ತು ಸುತ್ತಿಗೆ 1.6 ಮಿ.ಮೀ., ಚಿತ್ರದಲ್ಲಿ 64 ಪಿಕ್ಸೆಲ್. ಕನ್ನಡಕ ತೆಗೆದಿಟ್ಟರೂ ಕಾಣುವಷ್ಟು.

ಬಡಗಿಯ ನಟ್ಟು ಎರಡು ಸುತ್ತಿನ ನಂತರ ಬಿಗಿಯಾದದ್ದೂ ಈ ಕೂಡಿಕೆಯಿಂದಲೇ. ಎಂಟು ಎಂ.ಎಂ. ನಟ್ಟಿನ ಒಳಗೆ ಸುಮಾರು ಐದು ಸುತ್ತುಗಳಿರುತ್ತವೆ. ಮೊದಲ ಎರಡು ಸುತ್ತಿನಲ್ಲಿ ವ್ಯತ್ಯಾಸ ಸಡಿಲಿನೊಳಗೆ ಅಡಗುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಅದು 0.8 ಮಿ.ಮೀ., ಅಂದರೆ ಒಂದು ಸುತ್ತಿನ ಅರ್ಧಕ್ಕಿಂತ ಹೆಚ್ಚು. ಆಗ ನಟ್ಟಿನ ಏಣು ಬೋಲ್ಟಿನ ತೋಡಿಗೆ ಇಳಿಯುವ ಬದಲು ಬೋಲ್ಟಿನ ಏಣಿನ ಮೇಲೆಯೇ ಹತ್ತಿ ಕೂರುತ್ತದೆ. ಅಲ್ಲಿಂದ ಮುಂದೆ ಪಾನಾ ಎಳೆದರೆ ಒಂದರ ಎಳೆ ಕಿತ್ತು ಬರಲೇಬೇಕು. ಬೆರಳಿನಲ್ಲಿ ಸಲೀಸಾಗಿ ಶುರುವಾಗಿ, ಎರಡು ಮೂರು ಸುತ್ತಿಗೆ ಒಂದೇ ಸಮನೆ ಬಿಗಿಯಾಗುವ ನಟ್ಟು ಬಹುತೇಕ ಬೇರೆ ಲೆಕ್ಕದ ನಟ್ಟು. ತುಕ್ಕಿನ ಬಿಗಿ ಹಾಗಿರುವುದಿಲ್ಲ, ಅದು ಮೊದಲ ಸುತ್ತಿನಿಂದಲೇ ಗರಗರ ಎಂದು ಉಜ್ಜುತ್ತದೆ.

ಫೋಟೋದಲ್ಲಿ ಸ್ಕೇಲೂ ಇಲ್ಲ, ನಾಣ್ಯವೂ ಇಲ್ಲ ಎನ್ನಿ. ಆಗಲೂ ಒಂದು ದಾರಿಯಿದೆ. ಬೋಲ್ಟಿನ ದಪ್ಪವನ್ನೇ ಅಳತೆಗೋಲು ಮಾಡಿಕೊಂಡು, ಆ ದಪ್ಪದಷ್ಟು ಉದ್ದದಲ್ಲಿ ಎಷ್ಟು ಸುತ್ತುಗಳಿವೆ ಎಂದು ಎಣಿಸಬೇಕು. ನಿಖರತೆಗೆ ಎರಡು ದಪ್ಪದಷ್ಟು ಉದ್ದ ತೆಗೆದುಕೊಂಡು ಅರ್ಧ ಮಾಡಬಹುದು. ಎಂಟು ಎಂ.ಎಂ.ನಲ್ಲಿ ಸುಮಾರು ಆರೂವರೆ ಸುತ್ತು ಬರುತ್ತವೆ, ಢಾಯಿ ಸೂತಿನಲ್ಲಿ ಐದೂವರೆ. ಆರು ಎಂ.ಎಂ.ನಲ್ಲಿ ಆರು, ಅದರ ಜೋಡಿಯಾದ ದೋ ಸೂತಿನಲ್ಲಿ ಐದೇ. ಹನ್ನೆರಡು ಎಂ.ಎಂ.ನಲ್ಲಿ ಏಳರ ಹತ್ತಿರ, ಅರ್ಧ ಇಂಚಿನದರಲ್ಲಿ ಆರು. ಸೂತಿನ ಬೋಲ್ಟುಗಳ ಎಳೆ ತಮ್ಮ ಮಿಲಿಮೀಟರ್ ಜೋಡಿಗಿಂತ ಯಾವಾಗಲೂ ಒರಟು. ಆದರೆ ಈ ಉಪಾಯ ನೇರ ಫೋಟೋಗೆ ಮಾತ್ರ. 30 ಡಿಗ್ರಿ ವಾಲಿದ ಫೋಟೋದಲ್ಲಿ ಢಾಯಿ ಸೂತಿನ ಐದೂವರೆ ಸುತ್ತುಗಳು ಕುಗ್ಗಿ ಆರೂವರೆಯಂತೆ ಕಾಣುತ್ತವೆ.

ಎರಡು ಲೆಕ್ಕ ಬಂದದ್ದು ಹೇಗೆ

1841ರವರೆಗೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ಬೋಲ್ಟಿಗೆ ಒಂದೊಂದು ಬಗೆಯ ಎಳೆ. ಆ ವರ್ಷ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಬೇರೆಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, ಪ್ರತಿ ದಪ್ಪಕ್ಕೂ ಇಂಚಿಗೆ ಇಷ್ಟೇ ಸುತ್ತು ಎಂಬ ಪಟ್ಟಿಯನ್ನು ಮುಂದಿಟ್ಟರು. ಎಳೆಯ ಎರಡು ಇಳಿಜಾರುಗಳ ನಡುವಿನ ಕೋನ 55 ಡಿಗ್ರಿ, ಏಣು ಮತ್ತು ತೋಡು ಎರಡೂ ದುಂಡಗೆ. ರೈಲು ಹಳಿ, ಸೇತುವೆ, ಗಿರಣಿ ಯಂತ್ರಗಳ ಜೊತೆಗೆ ಆ ಪಟ್ಟಿ ಮುಂಬೈಗೂ ಬಂತು. ಮಾಹಿಮ್ ಕಾಸ್‌ವೇ ಬಾಂದ್ರಾವನ್ನು ಮುಂಬೈ ದ್ವೀಪಕ್ಕೆ ಜೋಡಿಸಿದ್ದು 1845ರಲ್ಲಿ. ಬಾಂದ್ರಾ ರೈಲು ನಿಲ್ದಾಣದ ಈಗಿನ ಪಾರಂಪರಿಕ ಕಟ್ಟಡ 1888ರದ್ದು. ಆ ಕಾಲದ ಕಬ್ಬಿಣದ ಕೆಲಸವೆಲ್ಲ ಇಂಚಿನ ಲೆಕ್ಕದ್ದೇ.

ಭಾರತ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಮಿಲಿಮೀಟರ್ ಬೋಲ್ಟುಗಳ ಎಳೆಯ ಕೋನ 60 ಡಿಗ್ರಿ, ಏಣಿನ ತುದಿ ಚಪ್ಪಟೆ. ಸೂತಿನ ಬೋಲ್ಟುಗಳು ಮಾತ್ರ ಪೇಟೆಯಿಂದ ಹೋಗಲಿಲ್ಲ. ಗ್ರಿಲ್ಲು, ಗೇಟು, ಶೆಡ್ಡಿನ ಕೆಲಸಗಳಿಗೆ ಅವು ಇವತ್ತೂ ಹೊಸದಾಗಿ ತಯಾರಾಗುತ್ತಿವೆ. ಹಾಗಾಗಿ ಸೂತಿನ ಎಳೆ ಕಂಡ ಮಾತ್ರಕ್ಕೆ ಬೋಲ್ಟು ಬ್ರಿಟಿಷರ ಕಾಲದ್ದು ಎನ್ನುವಂತಿಲ್ಲ, ಹಳೆಯ ಮನೆಯಲ್ಲಿರುವುದೆಲ್ಲ ಸೂತಿನದು ಎಂದೂ ಹೇಳುವಂತಿಲ್ಲ. ರಾನ್ವಾರಿನ ಆ ಮೆಟ್ಟಿಲಲ್ಲೇ ನಡುವೆ ಯಾರೋ ಬದಲಿಸಿದ ಎರಡು ಬೋಲ್ಟುಗಳು ಎಂಟು ಎಂ.ಎಂ. ಇದ್ದವು. ಪ್ರತಿಯೊಂದನ್ನೂ ಬೇರೆಯಾಗಿಯೇ ನೋಡಬೇಕಾಯಿತು.

ತಲೆ ಹೇಳುವುದು, ಹೇಳದಿರುವುದು

ತಲೆಯ ಆಕಾರದಿಂದ ಖಚಿತವಾಗಿ ತಿಳಿಯುವುದು ಎರಡು ಸಂಗತಿ: ಯಾವ ಉಪಕರಣದಿಂದ ತಿರುಗಿಸುತ್ತಾರೆ, ಮತ್ತು ಅದು ವಸ್ತುವಿನ ಮೇಲೆ ಹೇಗೆ ಕೂರುತ್ತದೆ. ಆರು ಮೂಲೆಯ ತಲೆ ಮೇಲೆ ಕೂರುತ್ತದೆ, ಪಾನಾ ಬೇಕು. ಕೊಡೆಯಂತೆ ದುಂಡಗಿದ್ದು ಕೆಳಗೆ ಚೌಕದ ಕತ್ತು ಇದ್ದರೆ ಅದು ಮರಕ್ಕೆ ಹಾಕುವ ಬೋಲ್ಟು. ಆ ಚೌಕ ಮರದೊಳಗೆ ಕಚ್ಚಿಕೊಳ್ಳುವುದರಿಂದ ತಲೆಯನ್ನು ಹಿಡಿಯದೆಯೇ ನಟ್ಟು ಬಿಗಿಯಬಹುದು. ಮೇಲೆ ಚಪ್ಪಟೆಯಾಗಿದ್ದು ಕೆಳಗೆ ಆಲಿಕೆಯಂತೆ ಇಳಿಜಾರಾಗಿದ್ದರೆ ಅದು ಮರದ ಅಥವಾ ತಗಡಿನ ಮಟ್ಟಕ್ಕೆ ಸರಿಯಾಗಿ ಮುಳುಗಿ ಕೂರುವ ತಲೆ. ಹಳೆಯ ಬಾಗಿಲುಗಳ ತಿರುಪುಗಳಲ್ಲಿ ಒಂದೇ ಗೀರಿನ ತಲೆ ಹೆಚ್ಚು. ಕೂಡು ಗುರುತಿನ ಫಿಲಿಪ್ಸ್ ತಲೆ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅದಕ್ಕಿಂತ ಹಳೆಯ ಕದದಲ್ಲಿ ಅದು ಕಂಡರೆ ಆಮೇಲೆ ಹಾಕಿದ್ದು ಎಂದು ನಿಶ್ಚಿಂತೆಯಿಂದ ಹೇಳಬಹುದು.

ತಲೆಯ ಅಗಲದಿಂದ ದಪ್ಪವನ್ನು ಊಹಿಸುವುದಕ್ಕೆ ಮಾತ್ರ ಹೋಗಬಾರದು. ಹತ್ತು ಎಂ.ಎಂ. ಬೋಲ್ಟಿನ ತಲೆ ಒಂದು ಮಾನದಂಡದ ಪ್ರಕಾರ 17, ಇನ್ನೊಂದರ ಪ್ರಕಾರ 16. ಢಾಯಿ ಸೂತಿನ ತಲೆ ಮೊದಲು 15 ಮಿ.ಮೀ.ಗೂ ಸ್ವಲ್ಪ ಹೆಚ್ಚಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ಬ್ರಿಟನ್ನಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿದ್ದರಿಂದ ಅದು 13.3 ಆಯಿತು. ಎಂಟು ಎಂ.ಎಂ.ನ 13ಕ್ಕೆ ಇದು ಇಷ್ಟು ಹತ್ತಿರ ಬಂದದ್ದು ಹೀಗೆ.

ತಲೆಯ ಮೇಲೆ ಒತ್ತಿದ ಅಂಕಿ ಇದ್ದರೆ ಅದರಷ್ಟು ಒಳ್ಳೆಯ ಸುಳಿವು ಬೇರಿಲ್ಲ. 8.8 ಅಥವಾ 10.9 ಎಂದಿದ್ದರೆ ಅದು ಮಿಲಿಮೀಟರ್ ಬೋಲ್ಟು, ಮತ್ತು ಆ ಅಂಕಿ ಅದರ ಬಲದ ದರ್ಜೆ. ಎ2-70 ಎಂದಿದ್ದರೆ ಸ್ಟೇನ್‌ಲೆಸ್ ಸ್ಟೀಲು. ಏನೂ ಇಲ್ಲದ ಬೋಳು ತಲೆಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಅಗ್ಗದ ಮಿಲಿಮೀಟರ್ ಬೋಲ್ಟುಗಳೂ ಬೋಳಾಗಿರುತ್ತವೆ. ಅದಕ್ಕೇ ತಲೆಯನ್ನು ಮೇಲಿನಿಂದ ತೆಗೆದ ಇನ್ನೊಂದು ಫೋಟೋ ಯಾವಾಗಲೂ ಬೇಕು.

ಉದ್ದ

ಉದ್ದವನ್ನು ಎಲ್ಲಿಂದ ಅಳೆಯಬೇಕು ಎಂಬುದು ತಲೆಯ ಆಕಾರದ ಮೇಲೆ ನಿಂತಿದೆ. ಮೇಲೆ ಕೂರುವ ತಲೆಯಾದರೆ ತಲೆಯ ಕೆಳಗಿನಿಂದ ತುದಿಯವರೆಗೆ. ಮುಳುಗಿ ಕೂರುವ ತಲೆಯಾದರೆ ತಲೆಯನ್ನೂ ಸೇರಿಸಿ. ಅಂಗಡಿಯವನಿಗೆ ಉದ್ದ ಹೇಳುವಾಗ ಇದು ತಪ್ಪಿದರೆ ತಲೆಯ ಎತ್ತರದಷ್ಟು ಹೆಚ್ಚು ಕಡಿಮೆಯಾಗುತ್ತದೆ.

ನಮ್ಮ ಬೋಲ್ಟಿನ 50.8 ಮತ್ತು ಮಿಲಿಮೀಟರ್ ಬೋಲ್ಟಿನ 50, ಇವೆರಡನ್ನು ಉದ್ದದಿಂದ ಬೇರ್ಪಡಿಸುವುದು ಕಷ್ಟ. ಎಳೆ ಕೊರೆದ ಭಾಗವೂ ಎರಡರಲ್ಲೂ 22 ಮಿ.ಮೀ.ಯಷ್ಟೇ ಇರುತ್ತದೆ, ಅದರಿಂದಲೂ ಸಹಾಯವಿಲ್ಲ. ಆದ್ದರಿಂದ ಉದ್ದ ಕೊನೆಯಲ್ಲಿ ನೋಡಬೇಕಾದದ್ದು. ಎಳೆಯಿಂದ ಲೆಕ್ಕ ಯಾವುದೆಂದು ಗೊತ್ತಾದ ಮೇಲೆ, ಆ ಲೆಕ್ಕದಲ್ಲಿ ಹತ್ತಿರದ ಉದ್ದ ಯಾವುದೆಂದು ಆರಿಸುವುದು ಸುಲಭ. ಸೂತಿನ ಬೋಲ್ಟುಗಳ ಉದ್ದ ಕಾಲು ಇಂಚಿನ ಮೆಟ್ಟಿಲಿನಲ್ಲಿ ಏರುತ್ತದೆ, ಮಿಲಿಮೀಟರಿನವು ಈ ಗಾತ್ರದಲ್ಲಿ ಐದೈದು ಮಿ.ಮೀ.ಗೆ.

ಹಳೆಯ ಬೋಲ್ಟಿನ ಉದ್ದವೇ ಸರಿಯಾದ ಉದ್ದ ಎಂದೂ ನಂಬಬೇಕಿಲ್ಲ, ಕೂಡಿ ನೋಡಬಹುದು. ಆ ಮೆಟ್ಟಿಲಿನಲ್ಲಿ ಮರ 32, ಬ್ರಾಕೆಟ್ಟಿನ ಪಟ್ಟಿ 5, ವಾಷರ್ ಒಂದೂವರೆ, ನಟ್ಟು 7. ಒಟ್ಟು ನಲವತ್ತೈದೂವರೆ. ಎರಡು ಇಂಚಿನ ಬೋಲ್ಟು ಹಾಕಿದರೆ ನಟ್ಟಿನಾಚೆ ಐದು ಮಿ.ಮೀ., ಮೂರೂವರೆ ಸುತ್ತು ಉಳಿಯುತ್ತದೆ. ನಟ್ಟು ಪೂರ್ತಿ ಕಚ್ಚಿಕೊಂಡಿದೆ ಎಂದು ಖಾತ್ರಿಯಾಗಲು ಎರಡು ಮೂರು ಸುತ್ತು ಹೊರಗೆ ಕಂಡರೆ ಸಾಕು. ಒಂದೂ ಮುಕ್ಕಾಲು ಇಂಚಿನದು ಹಾಕಿದ್ದರೆ ನಟ್ಟಿನ ಕೊನೆಯ ಸುತ್ತು ಖಾಲಿ ಉಳಿಯುತ್ತಿತ್ತು.

ಫೋಟೋದ ಮಿತಿ

ಕೆಲವನ್ನು ಎಷ್ಟೇ ಒಳ್ಳೆಯ ಫೋಟೋದಿಂದಲೂ ಹೇಳಲಾಗದು. ಅಮೆರಿಕದ ಇಂಚಿನ ಬೋಲ್ಟುಗಳಲ್ಲಿ ದೋ ಸೂತ್, ಢಾಯಿ ಸೂತ್, ತೀನ್ ಸೂತಿನವಕ್ಕೆ ಇಂಚಿಗೆ 20, 18, 16 ಸುತ್ತು. ಬ್ರಿಟಿಷ್ ಪಟ್ಟಿಯಲ್ಲೂ ಅಷ್ಟೇ. ಬೇರೆಯಾಗಿರುವುದು ಕೋನ, 55ರ ಬದಲು 60. ಸವೆದ ಎಳೆಯಲ್ಲಿ ಆ ಐದು ಡಿಗ್ರಿ ಕಣ್ಣಿಗೆ ಸಿಗುವುದಿಲ್ಲ. ಅದೃಷ್ಟಕ್ಕೆ ಈ ಮೂರು ಗಾತ್ರಗಳಲ್ಲಿ ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಸಾಮಾನ್ಯವಾಗಿ ಹೋಗುತ್ತದೆ. ಅರ್ಧ ಇಂಚಿನದರಲ್ಲಿ ಮಾತ್ರ ಬ್ರಿಟಿಷರದು 12, ಅಮೆರಿಕದ್ದು 13. ಅಲ್ಲಿ ಎಣಿಸಿದರೆ ತಿಳಿಯುತ್ತದೆ, ಎಣಿಸದೆ ಬಿಗಿದರೆ ಎಳೆ ಹಾಳಾಗುತ್ತದೆ.

ಎಡಸುತ್ತಿನ ಬೋಲ್ಟನ್ನು ಫೋಟೋದಲ್ಲಿ ಗುರುತಿಸಬಹುದು. ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ ನೋಡಿದಾಗ ಏಣುಗಳು ಬಲಕ್ಕೆ ಏರುತ್ತಿದ್ದರೆ ಬಲಸುತ್ತು, ಎಡಕ್ಕೆ ಏರುತ್ತಿದ್ದರೆ ಎಡಸುತ್ತು. ಆದರೆ ಫೋನಿನ ಮುಂಬದಿಯ ಕ್ಯಾಮೆರಾದಿಂದ ತೆಗೆದ ಚಿತ್ರ ಕೆಲವೊಮ್ಮೆ ಕನ್ನಡಿಯಂತೆ ತಿರುಗಿರುತ್ತದೆ. ಸ್ಕೇಲಿನ ಅಂಕಿಗಳು ನೇರವಾಗಿವೆಯೇ ಎಂದು ನೋಡಿಕೊಂಡ ಮೇಲೆ ತೀರ್ಪು ಕೊಡಬೇಕು.

ಗುರುತಿಲ್ಲದ ಬೋಲ್ಟಿನ ಬಲವನ್ನೂ ಫೋಟೋ ಹೇಳಲಾರದು. ಮೆಟ್ಟಿಲಿನ ಕೈಹಿಡಿಗೆ ಸಾಧಾರಣ ಬೋಲ್ಟು ನಡೆಯುತ್ತದೆ. ವಾಹನದ ಬ್ರೇಕು, ಲಿಫ್ಟು, ಎತ್ತುವ ಸರಪಳಿ, ಗ್ಯಾಸಿನ ಜೋಡಣೆಗಳಿಗೆ ಫೋಟೋ ನೋಡಿ ಬೋಲ್ಟು ಆರಿಸಲೇಬಾರದು.

ರಾನ್ವಾರಿನ ಮೆಟ್ಟಿಲಿಗೆ ಢಾಯಿ ಸೂತಿನ, ಎರಡು ಇಂಚಿನ ಹೊಸ ಬೋಲ್ಟು, ಅದೇ ಲೆಕ್ಕದ ನಟ್ಟು ಬಂತು. ಬೆರಳಿನಲ್ಲೇ ಕೊನೆಯವರೆಗೂ ತಿರುಗಿತು. ಫೋಟೋ ನೋಡಿ ಮಾಡಿದ ತೀರ್ಮಾನ ಸರಿಯೋ ತಪ್ಪೋ ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಡ: ಹೊಸ ನಟ್ಟು ಚೊಕ್ಕಟವಾದ ಎಳೆಯ ಮೇಲೆ ಪಾನಾ ಇಲ್ಲದೆ, ಬೆರಳಿನಲ್ಲೇ ಪೂರ್ತಿ ಓಡಬೇಕು. ಓಡದಿದ್ದರೆ ನಿಲ್ಲಿಸಿ, ಎಳೆಗಳನ್ನು ಇನ್ನೊಮ್ಮೆ ಎಣಿಸಿ. ಮುರಿದ ಬೋಲ್ಟನ್ನಾಗಲಿ ಒಡೆದ ನಟ್ಟನ್ನಾಗಲಿ ಹೊಸದು ಕೂರುವವರೆಗೂ ಎಸೆಯಬೇಡಿ. ಅಂಗಡಿಗೆ ಹೋಗುವಾಗ ಫೋಟೋದ ಜೊತೆಗೆ ಅದನ್ನೂ ಕಿಸೆಯಲ್ಲಿ ಒಯ್ಯಿರಿ.